ತಿರುವಿನಿಂದ ಹಿಂದಕ್ಕೆ: ಕ್ಲಬ್ಬಿನ ಮೊದಲ ಭಾಷಣ ಕಟ್ಟುವ ಬಗೆ

ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಹೊಸದಾಗಿ ಸೇರಿದವರು ಮಾಡಬೇಕಾದ ಮೊದಲ ಭಾಷಣಕ್ಕೆ ಐಸ್ ಬ್ರೇಕರ್ ಎಂದು ಹೆಸರು. ವಿಷಯ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ನೀವೇ ವಿಷಯ. ಸಮಯ ನಾಲ್ಕರಿಂದ ಆರು ನಿಮಿಷ. ತನ್ನ ಬಗ್ಗೆ ತಾನೇ ಮಾತಾಡುವುದರಲ್ಲಿ ಕಷ್ಟವೇನಿದೆ ಅನ್ನಿಸುತ್ತದೆ. ಆದರೆ ಈ ಭಾಷಣವನ್ನು ಮೇಲಿಂದ ಮೇಲೆ ಕೇಳಿದವರಿಗೆ ಗೊತ್ತಿದೆ, ಅರ್ಧಕ್ಕರ್ಧ ಭಾಷಣಗಳು ಒಂದೇ ದಾರಿಯಲ್ಲಿ ಸಾಗುತ್ತವೆ. ಹುಟ್ಟಿದ್ದು ಇಂಥ ಊರು, ತಂದೆ ಇಂಥ ಇಲಾಖೆ, ಓದಿದ್ದು ಇಂಥ ಕಾಲೇಜು, ಈಗ ಇಂಥ ಕಂಪನಿ, ಮದುವೆಯಾಗಿದೆ, ಇಬ್ಬರು ಮಕ್ಕಳು, ಪುಸ್ತಕ ಓದುವುದು ಹವ್ಯಾಸ, ವೇದಿಕೆಯ ಅಂಜಿಕೆ ಹೋಗಲಿ ಎಂದು ಇಲ್ಲಿಗೆ ಬಂದೆ, ಧನ್ಯವಾದ. ಹೇಳಿದ್ದೆಲ್ಲ ನಿಜವೇ. ಆದರೂ ಸಭೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ಯಾರಿಗೂ ಅದರಲ್ಲಿ ಒಂದೂ ನೆನಪಿರುವುದಿಲ್ಲ.

ಇದಕ್ಕೆ ಬದಲಾಗಿ ಹಲವು ಕ್ಲಬ್ಬುಗಳಲ್ಲಿ ಹಳೆಯ ಸದಸ್ಯರು ಹೊಸಬರಿಗೆ ಹೇಳಿಕೊಡುವ ಕಟ್ಟಡವೊಂದಿದೆ. ಒಂದು ತೊಂದರೆ, ಒಂದು ತಿರುವು, ಅದರಿಂದ ಸಿಕ್ಕ ಒಂದು ಪಾಠ. ಮೂರೇ ಮಾತಿನಲ್ಲಿ ಹೇಳಿಬಿಡಬಹುದಾದ ಈ ಸೂತ್ರ ಕೈಗೆ ಬಂದಾಗ ಹೊಸಬರು ಮೊದಲು ಮಾಡುವ ಕೆಲಸವೆಂದರೆ ಜೀವನದಲ್ಲಿ ಅತಿ ದೊಡ್ಡ ತೊಂದರೆ ಯಾವುದು ಎಂದು ಹುಡುಕುವುದು. ಭಾಷಣ ದಾರಿ ತಪ್ಪುವುದು ಅಲ್ಲಿಯೇ. ಹೇಳುವಾಗ ತೊಂದರೆ ಮೊದಲು ಬರುತ್ತದೆ, ನಿಜ. ಕಟ್ಟುವಾಗ ಮಾತ್ರ ತಿರುವು ಮೊದಲು ಬರಬೇಕು. ತಿರುವು ಕೈಗೆ ಸಿಕ್ಕಿದ ಮೇಲೆ ಅದಕ್ಕೆ ಬೇಕಾದಷ್ಟೇ ತೊಂದರೆಯನ್ನು ಹಿಂದಕ್ಕೂ, ಅದರಿಂದ ಹೊರಟಷ್ಟೇ ಪಾಠವನ್ನು ಮುಂದಕ್ಕೂ ಕಟ್ಟಿಕೊಳ್ಳಬೇಕು.

ಎಲ್ಲಿಂದ ಬಂತು ಈ ಪದ್ಧತಿ

ಟೋಸ್ಟ್‌ಮಾಸ್ಟರ್ಸ್ ಹುಟ್ಟಿದ್ದು ಅಮೆರಿಕದಲ್ಲಿ. ವೈಎಂಸಿಎ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ರಾಲ್ಫ್ ಸ್ಮೆಡ್ಲಿ ಎಂಬುವರು ಅಲ್ಲಿಗೆ ಬರುವ ಯುವಕರಿಗೆ ನಾಲ್ಕು ಜನರ ಮುಂದೆ ಮಾತಾಡುವುದು, ಸಭೆ ನಡೆಸುವುದು ಬರುತ್ತಿಲ್ಲ ಎಂಬುದನ್ನು ಗಮನಿಸಿದರು. 1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂತಾ ಆನಾ ಪಟ್ಟಣದಲ್ಲಿ ಅವರು ಮೊದಲ ಕ್ಲಬ್ ಆರಂಭಿಸಿದರು. ಅಲ್ಲಿ ಮೇಷ್ಟ್ರು ಎಂಬುವರಿಲ್ಲ. ಒಬ್ಬ ಸದಸ್ಯ ಮಾತಾಡುತ್ತಾನೆ, ಇನ್ನೊಬ್ಬ ಸದಸ್ಯ ಎದ್ದು ನಿಂತು ಅದು ಹೇಗಿತ್ತು ಎಂದು ಹೇಳುತ್ತಾನೆ. ಇಂದು ಬೆಂಗಳೂರಿನ ಕಂಪನಿಗಳ ಮೀಟಿಂಗ್ ರೂಮುಗಳಲ್ಲಿ ನಡೆಯುವ ಕ್ಲಬ್ಬುಗಳಲ್ಲೂ ಇದೇ ಪದ್ಧತಿ.

ಐಸ್ ಬ್ರೇಕರ್‌ಗೆ ತೊಂದರೆ, ತಿರುವು, ಪಾಠ ಇರಲೇಬೇಕು ಎಂದು ಕ್ಲಬ್ಬಿನ ನಿಯಮವೇನೂ ಇಲ್ಲ. ನಿಮ್ಮನ್ನು ಸದಸ್ಯರಿಗೆ ಪರಿಚಯಿಸಿಕೊಳ್ಳಿ ಎನ್ನುವುದಷ್ಟೇ ಅಲ್ಲಿನ ಬೇಡಿಕೆ. ಈ ಮೂರು ಮೆಟ್ಟಿಲಿನ ಕಟ್ಟಡ ಬೇರೆಡೆಯಿಂದಲೂ ನಮಗೆ ಪರಿಚಿತ. ಹಾರ್ವರ್ಡ್ ವಿಶ್ವವಿದ್ಯಾಲಯದ ಕೆನೆಡಿ ಸ್ಕೂಲಿನಲ್ಲಿ ಪಾಠ ಹೇಳುವ ಮಾರ್ಷಲ್ ಗಾಂಜ್ ತಮ್ಮ ವಿದ್ಯಾರ್ಥಿಗಳಿಗೆ ಕಲಿಸುವ ಆತ್ಮಪರಿಚಯದಲ್ಲೂ ಮೂರೇ ಭಾಗ. ಎದುರಾದ ಸವಾಲು, ಮಾಡಿದ ಆಯ್ಕೆ, ಅದರ ಫಲ. ಗಾಂಜ್ ಓದು ಬಿಟ್ಟು 1964ರಲ್ಲಿ ಮಿಸಿಸಿಪ್ಪಿಗೆ ಹೋಗಿ ಕರಿಯರ ಮತದಾನದ ಹಕ್ಕಿನ ಹೋರಾಟದಲ್ಲಿ ದುಡಿದವರು, ಆಮೇಲೆ ಸೀಸರ್ ಚಾವೆಜ್ ಕಟ್ಟಿದ ಕೃಷಿ ಕಾರ್ಮಿಕರ ಸಂಘದಲ್ಲಿ ವರ್ಷಗಟ್ಟಲೆ ಸಂಘಟಕರಾಗಿದ್ದವರು. ಜನರನ್ನು ಒಗ್ಗೂಡಿಸುವ ಮೊದಲು ನಾನು ಯಾರು, ಯಾಕೆ ಇಲ್ಲಿಗೆ ಬಂದೆ ಎಂದು ಹೇಳಿಕೊಳ್ಳಬೇಕಾದ ಕೆಲಸ ಅದು. ಅವರ ಮೂರು ಭಾಗಗಳಲ್ಲಿ ನಡುವಿನದನ್ನು ಗಮನಿಸಿ. ನಡುವೆ ಇರುವುದು ಆಯ್ಕೆ, ಅಂದರೆ ಹೇಳುತ್ತಿರುವ ವ್ಯಕ್ತಿ ತಾನೇ ಮಾಡಿದ ಏನೋ ಒಂದು. ಒಬ್ಬ ಮನುಷ್ಯ ಎಂಥವನು ಎಂಬುದು ಅವನಿಗೆ ಬಂದ ಕಷ್ಟದಿಂದ ಗೊತ್ತಾಗುವುದಕ್ಕಿಂತ, ಆ ಕಷ್ಟದ ಎದುರು ಅವನು ಏನು ಮಾಡಿದ ಎಂಬುದರಿಂದ ಗೊತ್ತಾಗುತ್ತದೆ.

ತಿರುವು ಹುಡುಕುವುದು

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ಇದು ಕಲ್ಪಿತ ಉದಾಹರಣೆ, ಆದರೆ ಕ್ಲಬ್ಬುಗಳಲ್ಲಿ ಕೇಳಿಬರುವ ಮಾತುಗಳಿಗೆ ಹತ್ತಿರದ್ದು. ಭಾಷಣಕಾರ್ತಿಗೆ ಮೂವತ್ತೆಂಟು ವರ್ಷ. ರಾಣೆಬೆನ್ನೂರು ಕಡೆಯವರು. ತಂದೆಯದು ಕಿರಾಣಿ ಅಂಗಡಿ. ಬಿಕಾಂ ಓದಿ ಬೆಂಗಳೂರಿಗೆ ಬಂದು ಈಗ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದಾರೆ. ಗಿರಾಕಿಗಳಿಂದ ಬರಬೇಕಾದ ಬಾಕಿಗೆ ಫೋನ್ ಮಾಡಿ, ಪತ್ರ ಬರೆದು ವಸೂಲಿ ಮಾಡುವುದು ಅವರ ಕೆಲಸ. ಅವರ ಮೊದಲ ಕರಡು ನಾವು ಆಗಲೇ ನೋಡಿದ ಹುಟ್ಟಿದ್ದು, ಓದಿದ್ದು, ಕೆಲಸ, ಮಕ್ಕಳು ಎಂಬ ಸಾಲಿನಲ್ಲೇ ಇತ್ತು.

ಅವರ ಎದುರು ಇಡಬೇಕಾದ ಪ್ರಶ್ನೆ ಇದು: ಯಾವ ದಿನದಿಂದೀಚೆಗೆ ನೀವು ಒಂದು ಕೆಲಸವನ್ನು ಮೊದಲಿನ ಹಾಗೆ ಮಾಡುವುದನ್ನು ಬಿಟ್ಟಿರಿ? ಕಷ್ಟ ಯಾವುದು ಎಂದು ಕೇಳಿದರೆ ಜನ ಸಾವು, ಕಾಯಿಲೆ, ಬಡತನದ ಕಡೆ ಹೋಗುತ್ತಾರೆ. ಸಾಧನೆ ಯಾವುದು ಎಂದು ಕೇಳಿದರೆ ಪ್ರಶಸ್ತಿ, ಬಡ್ತಿಯ ಕಡೆ ಹೋಗುತ್ತಾರೆ. ನಡವಳಿಕೆ ಬದಲಾದ ದಿನ ಯಾವುದು ಎಂದು ಕೇಳಿದಾಗ ಮಾತ್ರ ತಿರುವು ಹೊರಗೆ ಬರುತ್ತದೆ.

ಅವರು ನಾಲ್ಕು ಸಂಗತಿ ಬರೆದುಕೊಂಡರು ಎನ್ನೋಣ. ಮೊದಲನೆಯದು, ಊರು ಬಿಟ್ಟು ಬೆಂಗಳೂರಿಗೆ ಬಂದದ್ದು. ಇದು ಬದುಕಿನ ದೊಡ್ಡ ಬದಲಾವಣೆಯೇನೋ ಹೌದು, ಆದರೆ ಕೆಲಸ ಸಿಕ್ಕಿತು, ಬಂದರು. ಒಳಗೆ ಏನೂ ಹೊರಳಲಿಲ್ಲ. ಎರಡನೆಯದು, ಕಚೇರಿಯಲ್ಲಿ ಬಡ್ತಿ. ಅದು ಬೇರೆಯವರು ಕೊಟ್ಟದ್ದು. ಮೂರನೆಯದು, ಮೂವತ್ತು ದಾಟಿದ ಮೇಲೆ ಸ್ಕೂಟರ್ ಕಲಿತದ್ದು. ಇಲ್ಲಿ ಅಂಜಿಕೆ ಇದೆ, ಬಿದ್ದದ್ದಿದೆ, ಎದ್ದದ್ದಿದೆ. ತಮಾಷೆಯಾಗಿಯೂ ಹೇಳಬಹುದು. ಆದರೆ ಸ್ಕೂಟರ್ ಕಲಿತ ಯಾರಾದರೂ ಇದೇ ಕಥೆ ಹೇಳಬಲ್ಲರು. ನಾಲ್ಕನೆಯದನ್ನು ಅವರು ಹೆಚ್ಚುಕಡಿಮೆ ಬರೆಯದೇ ಬಿಟ್ಟಿದ್ದರು. ಹತ್ತೊಂಬತ್ತು ವರ್ಷದವರಿದ್ದಾಗ ಅಪ್ಪ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಕಾಲೇಜಿಗೆ ರಜೆಯಿತ್ತು. ಮೂರು ತಿಂಗಳು ಅಂಗಡಿಯಲ್ಲಿ ಕೂತದ್ದು ಇವರು. ಆಗ ಉದ್ರಿ ಕೊಟ್ಟವರ ಹತ್ತಿರ ದುಡ್ಡು ಕೇಳಲು ಬಾಯಿ ಬರುತ್ತಿರಲಿಲ್ಲ. ಒಂದು ದಿನ ಕೇಳಿದರು.

ನಾಲ್ಕನೆಯದೇ ಭಾಷಣ. ಅದರಲ್ಲಿ ಒಂದು ನಿರ್ದಿಷ್ಟ ದಿನವಿದೆ. ಆ ದಿನ ಅವರು ಮಾಡಿದ ಒಂದು ಕೆಲಸವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಂದು ದುಡ್ಡು ಕೇಳಲಾರದ ಹುಡುಗಿ ಇಂದು ದುಡ್ಡು ಕೇಳುವುದನ್ನೇ ಕಸುಬು ಮಾಡಿಕೊಂಡಿದ್ದಾಳೆ. ಐಸ್ ಬ್ರೇಕರ್ ಕೊನೆಗೂ ಒಂದು ಪರಿಚಯ. ಹಳೆಯ ಘಟನೆ ಎಷ್ಟೇ ಚೆನ್ನಾಗಿರಲಿ, ಅದು ಇವತ್ತು ಎದುರು ನಿಂತಿರುವ ವ್ಯಕ್ತಿಯವರೆಗೆ ಬಂದು ತಲುಪದಿದ್ದರೆ ಕಥೆಯಾಗಿ ಉಳಿಯುತ್ತದೆ, ಪರಿಚಯವಾಗುವುದಿಲ್ಲ.

ತೊಂದರೆ ಎಷ್ಟು ಬೇಕು

ತಿರುವು ಗೊತ್ತಾದ ಮೇಲೆ ಹಿಂದಕ್ಕೆ ಹೋಗಬೇಕು. ಈ ತಿರುವು ಅರ್ಥವಾಗಲು ಕೇಳುಗರಿಗೆ ಏನೇನು ಗೊತ್ತಿರಬೇಕು? ನಮ್ಮ ಉದಾಹರಣೆಯಲ್ಲಿ ಮೂರೇ ಸಂಗತಿ. ಉದ್ರಿ ಪುಸ್ತಕ ಎಂದರೇನು, ಅವರಿಗೆ ಕೇಳಲು ಯಾಕೆ ಬಾಯಿ ಬರುತ್ತಿರಲಿಲ್ಲ, ಕೇಳದೇ ಹೋದರೆ ಏನಾಗುತ್ತಿತ್ತು. ಅಪ್ಪನ ಅಂಗಡಿ ಯಾವ ವರ್ಷ ಶುರುವಾಯಿತು, ಆಪರೇಷನ್ ಎಲ್ಲಿ ಆಯಿತು, ತಮ್ಮ ಎಷ್ಟನೇ ತರಗತಿಯಲ್ಲಿದ್ದ ಎಂಬುದೆಲ್ಲ ಮನೆಯವರಿಗೆ ಮುಖ್ಯ, ಭಾಷಣಕ್ಕೆ ಬೇಡ.

ಮೂರರಲ್ಲಿ ಎರಡನೆಯದು ಕಷ್ಟದ ಜಾಗ. ನನಗೆ ಸಂಕೋಚವಾಗುತ್ತಿತ್ತು ಎಂದರೆ ಯಾರಿಗೂ ಏನೂ ಕಾಣುವುದಿಲ್ಲ. ಸಂಕೋಚವನ್ನು ಕೆಲಸದಲ್ಲಿ ತೋರಿಸಬೇಕು. ಅವರ ಎರಡನೇ ಕರಡು ಹೀಗಿತ್ತು:

"ಅಪ್ಪ ನಗುನಗುತ್ತಲೇ ಕೇಳುತ್ತಿದ್ದ. ನಾನು ಕೂತ ಮೇಲೆ ಬಾಕಿ ಇದ್ದವರು ಬೀದಿಯಲ್ಲಿ ಬರುವುದು ಕಂಡರೆ ಸಾಕು, ಉದ್ರಿ ಪುಸ್ತಕ ತೆಗೆದು ಗಲ್ಲದ ಕೆಳಗೆ ಇಡುತ್ತಿದ್ದೆ. ದುಡ್ಡು ಕೊಡಬೇಕಾದವರು ಅವರು, ಪುಸ್ತಕ ಮುಚ್ಚಿಡುವವಳು ನಾನು."

ಈ ಒಂದು ಚಿತ್ರದಲ್ಲಿ ತೊಂದರೆ ಪೂರ್ತಿ ಬಂದುಬಿಟ್ಟಿದೆ. ಕೇಳುಗರು ನಗುತ್ತಾರೆ, ನಗುತ್ತಲೇ ಅವಳ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಇನ್ನು ಉಳಿದದ್ದು ಒತ್ತಡ. ಎರಡು ತಿಂಗಳು ಕಳೆಯುವಷ್ಟರಲ್ಲಿ ಸಗಟು ವ್ಯಾಪಾರಿ "ಹಳೇದು ತೀರಿಸವ್ವ, ಆಮೇಲೆ ಹೊಸಾ ಮಾಲು ಒಯ್ಯಿ" ಎಂದು ಕೈಬೀಸಿ ಕಳಿಸಿದ. ಬೇಳೆ ಡಬ್ಬಿ ಖಾಲಿ, ಎಣ್ಣೆ ಡಬ್ಬಿ ಖಾಲಿ. ಪುಸ್ತಕದಲ್ಲಿ ಮಾತ್ರ ಸಾವಿರಗಟ್ಟಲೆ ರೂಪಾಯಿ. ಇಷ್ಟಾದರೆ ಸಾಕು. ಈಗ ಕೇಳುಗರೇ ಅವಳನ್ನು ಹೊರಗೆ ತಳ್ಳಲು ತಯಾರಾಗಿರುತ್ತಾರೆ.

ತೊಂದರೆ ಸಣ್ಣದಾಯಿತೇನೋ ಎಂಬ ಅನುಮಾನ ಬಹಳ ಜನರಿಗೆ ಬರುತ್ತದೆ. ಅದಕ್ಕೆ ಅವರು ಅತ್ಯಂತ ನೋವಿನ ಸಂಗತಿಯನ್ನು ಎತ್ತಿಕೊಳ್ಳುತ್ತಾರೆ. ಹೋದ ವರ್ಷ ತೀರಿಕೊಂಡ ತಾಯಿ, ಈಗಲೂ ಕೋರ್ಟಿನಲ್ಲಿರುವ ವಿಚ್ಛೇದನ, ಮಗುವಿನ ಕಾಯಿಲೆ. ಇಂಥದ್ದಕ್ಕೆ ಎರಡು ಅಡ್ಡಿಗಳಿವೆ. ಐದು ನಿಮಿಷದಲ್ಲಿ ಅಷ್ಟು ದೊಡ್ಡದನ್ನು ತೆರೆದರೆ ಮುಚ್ಚಲು ಸಮಯ ಸಿಗುವುದಿಲ್ಲ. ಮಾತಾಡುವವರು ಅಳುತ್ತ ನಿಲ್ಲುತ್ತಾರೆ, ಕೇಳುವವರು ಏನು ಮಾಡಬೇಕೆಂದು ತಿಳಿಯದೆ ನೆಲ ನೋಡುತ್ತಾರೆ. ಇನ್ನೊಂದು, ಇನ್ನೂ ನಡೆಯುತ್ತಿರುವ ಕಷ್ಟಕ್ಕೆ ತಿರುವು ಬಂದಿರುವುದಿಲ್ಲ, ಪಾಠವಂತೂ ದೂರವೇ ಉಳಿಯಿತು. ಮನೆಯಲ್ಲಿ ಅಭ್ಯಾಸ ಮಾಡುವಾಗ ಒಂದು ಜಾಗದಲ್ಲಿ ಪ್ರತಿ ಸಲವೂ ಗಂಟಲು ಕಟ್ಟುತ್ತಿದ್ದರೆ, ಆ ಸಂಗತಿ ಈ ಭಾಷಣಕ್ಕೆ ಇನ್ನೂ ಹಣ್ಣಾಗಿಲ್ಲ. ಅದನ್ನು ಬದಿಗಿಟ್ಟು ಬೇರೆಯದನ್ನು ಹುಡುಕುವುದು ಒಳ್ಳೆಯದು. ಮನೆಯ ಇತರರ ಗುಟ್ಟು ಅದರಲ್ಲಿ ಸೇರಿದ್ದರೆ ಅವರನ್ನು ಕೇಳದೆ ಹೇಳಲೂಬಾರದು. ಕ್ಲಬ್ಬಿನಲ್ಲಿ ಭಾಷಣಗಳ ವೀಡಿಯೋ ಮಾಡುವುದು ಈಗ ಸಾಮಾನ್ಯ.

ತಿರುವನ್ನು ನಡೆಸಿ ತೋರಿಸುವುದು

ಭಾಷಣದ ಉಳಿದ ಭಾಗಗಳನ್ನು ಬೇಗ ದಾಟಿಸಬಹುದು, ತಿರುವನ್ನು ಹಾಗೆ ದಾಟಿಸಬಾರದು. ಇಲ್ಲಿ ಆಗುವ ತಪ್ಪು ಸುಮಾರು ಎಲ್ಲರದ್ದೂ ಒಂದೇ. "ಆಗ ನಾನು ಧೈರ್ಯ ಮಾಡಿ ಕೇಳಲು ನಿರ್ಧರಿಸಿದೆ, ಅಂದಿನಿಂದ ಎಲ್ಲವೂ ಬದಲಾಯಿತು." ಒಂದು ವಾಕ್ಯದಲ್ಲಿ ತಿರುವು ಮುಗಿದುಹೋಯಿತು. ಎರಡು ನಿಮಿಷ ತೊಂದರೆ ಕೇಳಿಸಿಕೊಂಡು ಕಾದವರಿಗೆ ಏನೂ ಸಿಗಲಿಲ್ಲ.

ತಿರುವಿನಲ್ಲಿ ಜಾಗ ಕಾಣಬೇಕು, ಯಾರಾದರೂ ಮಾತಾಡಬೇಕು, ಏನಾಗುತ್ತದೋ ಎಂಬುದು ಒಂದು ಕ್ಷಣವಾದರೂ ತೂಗಾಡಬೇಕು. ನಮ್ಮ ಭಾಷಣಕಾರ್ತಿ ಆ ದಿನ ಹೋದದ್ದು ತಮಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಷ್ಟ್ರ ಮನೆಗೆ. ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 1,840 ರೂಪಾಯಿ ಇತ್ತು. ಅವರ ಕರಡು ಈಗ ಹೀಗೆ ಸಾಗುತ್ತದೆ:

"ಬಾಗಿಲು ತೆರೆದವರು ಸರ್. ಏನವ್ವ ಅಂದರು. ನಾನು ಬರುವ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದು ಮರೆತೇಹೋಯಿತು. ಸರ, ಅಪ್ಪಂದು ಕಾಲು ಮುರದೈತ್ರಿ ಅಂದೆ. ಗೊತ್ತು ಅಂದರು. ಅಂಗಡಿಗೆ ಮಾಲು ಇಲ್ರಿ ಅಂದೆ. ಹೂಂ ಅಂದರು. ಬಾಕಿ ಐತ್ರಿ, ಸರ, ಅಂದೆ. ಅವರು ಏನೂ ಅನ್ನಲಿಲ್ಲ. ಒಳಗೆ ಹೋದರು. ನಾನು ಚಪ್ಪಲಿ ನೋಡುತ್ತ ನಿಂತೆ. ಸಿಟ್ಟಾದರು ಅಂದುಕೊಂಡೆ. ಹೊರಗೆ ಬಂದಾಗ ಕೈಯಲ್ಲಿ ಒಂದು ಲಕೋಟೆ ಇತ್ತು. ಯಾಕವ್ವ, ಇಷ್ಟು ದಿನ ಯಾಕ ಕೇಳಲಿಲ್ಲ? ತಿಂಗಳಾತು ಇದನ್ನ ಎತ್ತಿಟ್ಟು. ಯಾರರ ಬಂದು ಕೇಳ್ತಾರ ಅಂತ ಕಾಯಾಕತ್ತಿದ್ದೆ."

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಜಾಗದಲ್ಲಿ ಆಗಿವೆ. ಕೈಯಲ್ಲಿ ದುಡ್ಡು ಬಂತು, ಅಂದರೆ ಪರಿಸ್ಥಿತಿ ಹೊರಳಿತು. ಜೊತೆಗೆ ತಾನು ಇಷ್ಟು ದಿನ ತಿಳಿದದ್ದು ತಪ್ಪು ಎಂದು ಅವಳಿಗೆ ಗೊತ್ತಾಯಿತು, ಅಂದರೆ ತಿಳಿವು ಹೊರಳಿತು. ಗ್ರೀಕ್ ರುದ್ರನಾಟಕಗಳ ಬಗ್ಗೆ ಬರೆಯುವಾಗ ಅರಿಸ್ಟಾಟಲ್ ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿ, ಎರಡೂ ಒಟ್ಟಿಗೇ ಬಂದರೆ ಅದು ಎಲ್ಲಕ್ಕಿಂತ ಮೇಲು ಎಂದ. ಅವನು ಕೊಟ್ಟ ಉದಾಹರಣೆ ಈಡಿಪಸ್ ದೊರೆಯ ನಾಟಕ. ಕ್ಲಬ್ಬಿನ ಭಾಷಣಕ್ಕೆ ಅಷ್ಟು ದೊಡ್ಡ ದುರಂತ ಬೇಕಿಲ್ಲ, ಆದರೆ ಈ ಲೆಕ್ಕ ಬೇಕು. ಪರಿಸ್ಥಿತಿ ಮಾತ್ರ ಹೊರಳಿದರೆ ಅದು ಅದೃಷ್ಟದ ಕಥೆಯಾಗುತ್ತದೆ. ತಿಳಿವು ಮಾತ್ರ ಹೊರಳಿದರೆ ನೋಡಲು ಏನೂ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಇದೇ ಘಟನೆಯನ್ನು ಮೇಷ್ಟ್ರೇ ಅಂಗಡಿಗೆ ಬಂದು ಲಕೋಟೆ ಕೊಟ್ಟರು ಎಂದು ಹೇಳಿ ನೋಡಿ. ಮೇಷ್ಟ್ರು ದೊಡ್ಡವರಾಗುತ್ತಾರೆ, ಭಾಷಣಕಾರ್ತಿ ಕಾಣೆಯಾಗುತ್ತಾರೆ. ಯಾರೋ ಬಂದು ಕೈಹಿಡಿದು ಎತ್ತಿದರು ಎಂಬ ಭಾಷಣಗಳು ಕೃತಜ್ಞತೆಯಿಂದ ತುಂಬಿರುತ್ತವೆ, ಆದರೆ ಅವು ಆ ಇನ್ನೊಬ್ಬರ ಪರಿಚಯ. ತಿರುವಿನ ವಾಕ್ಯಗಳ ಕರ್ತೃಪದ ಯಾವುದು ಎಂದು ಒಮ್ಮೆ ಗುರುತು ಹಾಕಿಕೊಂಡರೆ ಇದು ತಕ್ಷಣ ತಿಳಿಯುತ್ತದೆ. ಹೋದದ್ದು ಯಾರು, ಬಾಗಿಲು ತಟ್ಟಿದ್ದು ಯಾರು, ಕೇಳಿದ್ದು ಯಾರು? ಬಹುಪಾಲು ಕಡೆ "ನಾನು" ಎಂದು ಬರಬೇಕು.

ಪಾಠದ ವಾಕ್ಯ

ಅವರ ಕರಡಿನಲ್ಲಿ ಮೊದಲು ಇದ್ದ ಪಾಠ: "ಧೈರ್ಯವಿದ್ದರೆ ಏನನ್ನಾದರೂ ಸಾಧಿಸಬಹುದು." ಈ ವಾಕ್ಯವನ್ನು ಎತ್ತಿ ಸ್ಕೂಟರ್ ಕಲಿತವರ ಭಾಷಣದ ಕೊನೆಗೆ ಇಟ್ಟರೂ ಕೂರುತ್ತದೆ, ಬೆಟ್ಟ ಹತ್ತಿದವರ ಭಾಷಣಕ್ಕೆ ಇಟ್ಟರೂ ಕೂರುತ್ತದೆ. ಎಲ್ಲಿ ಬೇಕಾದರೂ ಕೂರುವ ಪಾಠ ನಿಮ್ಮದಲ್ಲ. ಎರಡನೆಯ ಸಲ ಅವರು ಬರೆದದ್ದು: "ಕೇಳಿದರೆ ಸಿಗುತ್ತದೆ." ಸ್ವಲ್ಪ ಹತ್ತಿರ ಬಂತು. ಆದರೆ ಇದು ನಿಜವೇ? ಉದ್ರಿ ಪುಸ್ತಕದಲ್ಲಿದ್ದ ಎಲ್ಲರೂ ಕೊಟ್ಟರೇ? ಕೊಡಲಿಲ್ಲ. ಇಬ್ಬರು ಬೈದರು, ಕೆಲವರು ಮುಂದಿನ ವಾರ ಎಂದರು. ಕಥೆಯೇ ಒಪ್ಪದ ಪಾಠವನ್ನು ಕೇಳುಗರೂ ಒಪ್ಪುವುದಿಲ್ಲ.

ಹಾಗಾದರೆ ಮೇಷ್ಟ್ರ ಬಾಗಿಲಲ್ಲಿ ಅವರಿಗೆ ಹೊಳೆದದ್ದೇನು? ಮೇಷ್ಟ್ರು ಕೇಳಿದ್ದು ಯಾಕೆ ಕೇಳಲಿಲ್ಲ ಎಂದು. ಅದಕ್ಕೆ ಉತ್ತರ ಹುಡುಕಿದಾಗ ಮೂರನೆಯ ವಾಕ್ಯ ಬಂತು: "ನಾನು ಕೇಳುವ ಮೊದಲೇ ಎದುರಿನವರ ಪರವಾಗಿ ಇಲ್ಲ ಅಂದುಬಿಡುತ್ತಿದ್ದೆ." ಇದು ಅವರದೇ ಪಾಠ. ಅದರಲ್ಲಿ ಬಾಗಿಲೂ ಇದೆ, ಪುಸ್ತಕ ಮುಚ್ಚಿಟ್ಟದ್ದೂ ಇದೆ. ಬೈದ ಇಬ್ಬರ ಕಥೆ ಕೂಡ ಇದನ್ನು ಸುಳ್ಳು ಮಾಡುವುದಿಲ್ಲ, ಯಾಕೆಂದರೆ ಇಲ್ಲ ಎನ್ನುವ ಹಕ್ಕು ಅವರದು, ಅದನ್ನು ಅವರೇ ಬಳಸಿಕೊಂಡರು.

ಇಲ್ಲಿಂದ ಇಂದಿನ ಕೆಲಸಕ್ಕೆ ಹಾದಿ ಸಲೀಸು. "ಈಗ ಕಂಪನಿಯಲ್ಲಿ ನನ್ನ ಕೆಲಸ ಬಾಕಿ ಕೇಳುವುದು. ಮೊದಲ ಫೋನಿನಲ್ಲಿ ನಾನು ಯಾಕೆ ಕೊಟ್ಟಿಲ್ಲ ಎಂದು ಕೇಳುವುದಿಲ್ಲ. ಬಿಲ್ ತಲುಪಿತಾ, ಅದರಲ್ಲೇನಾದರೂ ತಪ್ಪಿದೆಯಾ ಎಂದು ಕೇಳುತ್ತೇನೆ. ಎಷ್ಟೋ ಸಲ ಅವರೂ ಯಾರಾದರೂ ಫೋನ್ ಮಾಡಲಿ ಎಂದು ಕಾಯುತ್ತಿರುತ್ತಾರೆ." ಪಾಠ ಬರೀ ಮಾತಾಗಿ ಉಳಿಯದೆ ದಿನದ ಕೆಲಸದಲ್ಲಿ ಹೇಗೆ ಕಾಣಿಸುತ್ತದೆ ಎಂದು ತೋರಿಸಿದ್ದರಿಂದ ಪರಿಚಯವೂ ಪೂರ್ತಿಯಾಯಿತು. ಪಾಠವನ್ನು "ನೀವೂ ಹೀಗೆ ಮಾಡಿ" ಎಂದು ಕೇಳುಗರ ಕಡೆ ತಿರುಗಿಸುವ ಚಪಲ ಕೊನೆಯ ಕ್ಷಣದಲ್ಲಿ ಬರುತ್ತದೆ. ಅದನ್ನು ತಡೆದುಕೊಳ್ಳಬೇಕು. ಉಪದೇಶ ಶುರುವಾದ ಕೂಡಲೇ ಅಲ್ಲಿಯವರೆಗೆ ಅವಳ ಪಕ್ಕದಲ್ಲಿದ್ದ ಕೇಳುಗರು ಎದುರಿಗೆ ಹೋಗಿ ಕೂರುತ್ತಾರೆ.

ಗಡಿಯಾರದ ಲೆಕ್ಕ

ಕ್ಲಬ್ಬಿನಲ್ಲಿ ಸಮಯ ನೋಡಲು ಒಬ್ಬರಿರುತ್ತಾರೆ. ಐಸ್ ಬ್ರೇಕರ್‌ನಲ್ಲಿ ನಾಲ್ಕನೇ ನಿಮಿಷಕ್ಕೆ ಹಸಿರು ದೀಪ ಅಥವಾ ಕಾರ್ಡು, ಐದಕ್ಕೆ ಹಳದಿ, ಆರಕ್ಕೆ ಕೆಂಪು. ಭಾಷಣವನ್ನು ಐದು ನಿಮಿಷಕ್ಕೆ ಕಟ್ಟಿಕೊಂಡರೆ ನಗು, ಚಪ್ಪಾಳೆ, ಮರೆವು ಎಲ್ಲಕ್ಕೂ ಒಂದು ನಿಮಿಷ ಉಳಿಯುತ್ತದೆ.

ಆ ಐದು ನಿಮಿಷವನ್ನು ಹಂಚುವುದು ಹೀಗೆ. ಅಂಗಡಿ, ಉದ್ರಿ ಪುಸ್ತಕ, ಅಪ್ಪನ ಕಾಲು, ಪುಸ್ತಕ ಮುಚ್ಚಿಡುವುದು ಎಲ್ಲ ಸೇರಿ ಒಂದೂವರೆ ನಿಮಿಷ. ಸಗಟು ವ್ಯಾಪಾರಿ ಮತ್ತು ಖಾಲಿ ಡಬ್ಬಿಗಳು ಅರ್ಧ ನಿಮಿಷ. ಮೇಷ್ಟ್ರ ಬಾಗಿಲಿಗೆ ಒಂದೂವರೆ ನಿಮಿಷ, ಯಾಕೆಂದರೆ ಅಲ್ಲಿ ಮೌನಕ್ಕೂ ಸಮಯ ಬೇಕು. ಮೇಷ್ಟ್ರು ಒಳಗೆ ಹೋದಾಗ ಭಾಷಣಕಾರ್ತಿಯೂ ಎರಡು ಮೂರು ಸೆಕೆಂಡು ಸುಮ್ಮನೆ ನಿಲ್ಲಬೇಕು. ಉಳಿದ ಒಂದೂವರೆ ನಿಮಿಷದಲ್ಲಿ ಬೈದ ಇಬ್ಬರು, ಪಾಠ, ಇಂದಿನ ಕೆಲಸ. ಎಷ್ಟು ಪದ ಬರೆಯಬೇಕು ಎಂಬುದಕ್ಕೆ ಇಂಗ್ಲಿಷ್ ಪುಸ್ತಕಗಳಲ್ಲಿ ಕೊಟ್ಟ ಲೆಕ್ಕ ನಮಗೆ ಹೊಂದುವುದಿಲ್ಲ. ವಿಭಕ್ತಿ, ಕ್ರಿಯಾಪದಗಳ ಬಾಲವೆಲ್ಲ ಸೇರಿ ನಮ್ಮ ಪದಗಳು ಉದ್ದ. ಕರಡನ್ನು ಒಂದು ನಿಮಿಷ ಗಟ್ಟಿಯಾಗಿ, ಎದುರಿಗೆ ಜನ ಇದ್ದಾರೆ ಎಂದುಕೊಂಡು ಓದಿ, ಎಲ್ಲಿಗೆ ಬಂದಿರಿ ಎಂದು ಗುರುತು ಹಾಕಿ ಎಣಿಸಿ. ಅದರ ಐದರಷ್ಟು ನಿಮ್ಮ ಮಿತಿ.

ಸಮಯ ತಿನ್ನುವ ಎರಡು ಸಂಗತಿಗಳನ್ನು ಮೊದಲೇ ತೆಗೆದುಹಾಕಬಹುದು. ಒಂದು, ನಮ್ಮ ಸಭೆಗಳಿಂದ ರೂಢಿಯಾಗಿ ಬಂದ ಉದ್ದನೆಯ ಸಂಬೋಧನೆ. ಅಧ್ಯಕ್ಷರು, ಗಣ್ಯರು, ಹಿರಿಯರು, ಕಿರಿಯರು ಎಂದು ಮುಗಿಸುವಷ್ಟರಲ್ಲಿ ಅರ್ಧ ನಿಮಿಷ ಹೋಗಿರುತ್ತದೆ. ಒಂದು ಸಾಲು ಸಾಕು. ಇನ್ನೊಂದು, ಹೆಸರು, ಊರು, ಓದು, ಹುದ್ದೆ. ಪ್ರತಿ ಭಾಷಣಕ್ಕೆ ಮೊದಲು ಆ ದಿನದ ನಿರೂಪಕರು ಭಾಷಣಕಾರರನ್ನು ಸಭೆಗೆ ಪರಿಚಯಿಸುತ್ತಾರೆ. ಹೇಳಲೇಬೇಕಾದ ವಿವರಗಳನ್ನು ಎರಡು ಮೂರು ಸಾಲಿನಲ್ಲಿ ಬರೆದು ಅವರ ಕೈಗೆ ಮೊದಲೇ ಕೊಟ್ಟುಬಿಟ್ಟರೆ ನೀವು ನೇರವಾಗಿ ಅಂಗಡಿಯಲ್ಲಿ ಹೋಗಿ ಕೂರಬಹುದು. ಆದರೆ ಕಂಪನಿಯ ಬಾಕಿ ವಸೂಲಿಯ ಕೆಲಸವನ್ನು ಮಾತ್ರ ಅವರಿಗೆ ಹೇಳಲು ಬಿಡಬೇಡಿ. ಅದು ಭಾಷಣದ ಕೊನೆಗೆ ಬರಬೇಕಾದ ಸಂಗತಿ, ಮೊದಲೇ ಗೊತ್ತಾದರೆ ಅದರ ಸೊಗಸು ಹೋಗುತ್ತದೆ.

ಕೂತಿತೋ ಇಲ್ಲವೋ

ಈ ಕಟ್ಟಡ ಎಲ್ಲರಿಗೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಕೆಲವರ ಬದುಕು ಒಂದು ದಿನದಲ್ಲಿ ತಿರುಗಿರುವುದಿಲ್ಲ. ಇಪ್ಪತ್ತು ವರ್ಷ ದಿನವೂ ರೇಷ್ಮೆ ಹುಳು ಸಾಕುತ್ತ ಕಲಿತವರಿಗೆ ಕಲಿಕೆ ಹನಿಹನಿಯಾಗಿ ಬಂದಿರುತ್ತದೆ. ಅಂಥವರು ಇಲ್ಲದ ತಿರುವನ್ನು ಹುಟ್ಟಿಸಿಕೊಂಡು ಹೇಳಿದರೆ ದನಿಯಲ್ಲೇ ಗೊತ್ತಾಗುತ್ತದೆ. ತಮ್ಮ ಒಂದು ದಿನ ಹೇಗೆ ಸಾಗುತ್ತದೆ ಎಂದು ಬೆಳಗಿನಿಂದ ರಾತ್ರಿಯವರೆಗೆ ಹೇಳುವುದು ಅವರಿಗೆ ಹೆಚ್ಚು ಒಪ್ಪುತ್ತದೆ. ತಿರುವು ಇದ್ದವರು ಕೂಡ ಅದನ್ನು ಹಿಗ್ಗಿಸಬಾರದು. ಮೇಷ್ಟ್ರು ಕಣ್ಣೀರು ಒರೆಸಿಕೊಂಡರು ಎಂದು ಸೇರಿಸಲು ಮನಸ್ಸಾಗುತ್ತದೆ. ಒರೆಸಿಕೊಂಡಿರದಿದ್ದರೆ ಸೇರಿಸಬಾರದು.

ಭಾಷಣವಾದ ಮೇಲೆ ಒಬ್ಬ ಸದಸ್ಯರು ಎರಡು ಮೂರು ನಿಮಿಷ ಅದರ ಬಗ್ಗೆ ಮಾತಾಡುತ್ತಾರೆ. ಮೊದಲ ಭಾಷಣವಾದ್ದರಿಂದ ಅವರು ಸಹಜವಾಗಿಯೇ ಮೆಚ್ಚುಗೆಯ ಮಾತು ಹೆಚ್ಚು ಆಡುತ್ತಾರೆ, ದನಿ ಚೆನ್ನಾಗಿತ್ತು, ಕಣ್ಣು ನೋಡಿ ಮಾತಾಡಿದಿರಿ ಎನ್ನುತ್ತಾರೆ. ಕಟ್ಟಡದ ಬಗ್ಗೆ ಉಪಯೋಗದ ಮಾತು ಬೇಕಿದ್ದರೆ ಮೊದಲೇ ಅವರ ಹತ್ತಿರ ಹೋಗಿ ಒಂದು ಕೆಲಸ ಕೊಟ್ಟಿರಬೇಕು: "ನಾನು ಬದಲಾದದ್ದು ಯಾವ ಕ್ಷಣದಲ್ಲಿ ಎಂದು ನಿಮಗೆ ಅನ್ನಿಸಿತು, ಹೇಳಿ." ಅವರು ಮೇಷ್ಟ್ರ ಪ್ರಶ್ನೆಯನ್ನು ತೋರಿಸಿದರೆ ಎಲ್ಲವೂ ಇರಬೇಕಾದ ಜಾಗದಲ್ಲಿದೆ. ಸಗಟು ವ್ಯಾಪಾರಿ ಕೈಬೀಸಿದ್ದನ್ನು ತೋರಿಸಿದರೆ ಒತ್ತಡದ ಭಾಗ ಉದ್ದವಾಗಿ ತಿರುವನ್ನು ಮುಚ್ಚಿದೆ ಎಂದರ್ಥ. ಕೊನೆಯ ಪಾಠವನ್ನು ತೋರಿಸಿದರೆ ತಿರುವು ಮಾತಿನಲ್ಲಿ ಮಾತ್ರ ಆಗಿದೆ, ಕಣ್ಣಿಗೆ ಕಂಡಿಲ್ಲ.

ಇದಕ್ಕಿಂತಲೂ ನಂಬಬಹುದಾದ ಪರೀಕ್ಷೆ ಸಭೆ ಮುಗಿದ ಮೇಲೆ ಚಹಾದ ಹೊತ್ತಿನಲ್ಲಿ ತಾನಾಗಿ ನಡೆಯುತ್ತದೆ. ಯಾರಾದರೂ ಹತ್ತಿರ ಬಂದು "ನಿಮ್ಮದು ಯಾವ ಊರು ಅಂದಿರಿ?" ಎಂದು ಕೇಳಿದರೆ ಅವರಿಗೆ ಸಿಕ್ಕಿದ್ದು ಬಯೋಡಾಟಾ, ಅದೂ ಅರ್ಧ. "ನಮ್ಮ ತಾತನದೂ ಅಂಗಡಿ ಇತ್ತು, ಉದ್ರಿಯಲ್ಲೇ ಮುಳುಗಿಹೋಯಿತು" ಎಂದು ಅವರು ತಮ್ಮ ಮನೆಯ ಕಥೆ ತೆಗೆದರೆ ಭಾಷಣ ತಲುಪಿದೆ. ಆಗ ಅವರ ಕಥೆಯನ್ನು ಪೂರ್ತಿ ಕೇಳಿಸಿಕೊಳ್ಳಿ. ಯಾವ ಮಾತಿನಿಂದ ಅವರಿಗೆ ತಮ್ಮ ತಾತ ನೆನಪಾದ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಇದೇ ಭಾಷಣವನ್ನು ಇನ್ನೊಂದು ಕ್ಲಬ್ಬಿನಲ್ಲಿ ಮಾಡುವಾಗ ಏನೆಲ್ಲ ಕತ್ತರಿಸಿದರೂ ಆ ಮಾತನ್ನು ಕತ್ತರಿಸಬಾರದು.